ಜಿಗಿ

ಅವ್ವ ಬೋಗುಣಿಯೊಳಗೆ ಇಣುಕಿದಳು. ಬಿಸಿನೀರಿನಿಂದ ಒಂದು ಚೂರು ಎತ್ತಿ, ಎರಡು ಬೆರಳಲ್ಲಿ ಹಿಸುಕಿ, ನನ್ನ ಮುಖ ನೋಡಿ, "ಇದಕ್ಕ ಜಿಗಿನ ಇಲ್ಲಲೋ" ಅಂದಳು. ಚೂರು ಅವಳ ಬೆರಳ ಸಂದಿಯಿಂದ ರವೆಯಂತೆ ಉದುರಿತು.

ಜಿಗಿ ನಮ್ಮ ಕಡೆ ಜೋಳದ ಹಿಟ್ಟಿಗೆ ಆಡುವ ಮಾತು. ಗೋಧಿಯಲ್ಲಿ ಇರುವ ಅಂಟು ಜೋಳದಲ್ಲಿ ಇಲ್ಲ. ಅದಕ್ಕೇ ಕುದಿಯುವ ಎಸರು ಹಾಕಿ ನಾದಬೇಕು. ಎಸರು ಆರಿದ್ದರೆ, ಇಲ್ಲವೆ ಹಿಟ್ಟು ಹಳೆಯದಾಗಿದ್ದರೆ, ರೊಟ್ಟಿ ಬಡಿಯುವಾಗಲೇ ಅಂಚು ಸೀಳುತ್ತದೆ. ಅರವತ್ತು ವರ್ಷ ರೊಟ್ಟಿ ಬಡಿದವಳಿಗೆ ಯಾವ ಮುದ್ದೆ ಹಿಗ್ಗುತ್ತದೆ, ಯಾವುದು ಹರಿಯುತ್ತದೆ ಎಂದು ಮುಟ್ಟಿದರೆ ಸಾಕು, ತಿಳಿಯುತ್ತದೆ. ಇಟಲಿಯ ಚೀಸ್ ಆದರೇನು.

ಇದಕ್ಕೆಲ್ಲ ಕಾರಣ ರಜೆಗೆ ಹೊಳೆಆಲೂರಿಗೆ ಬಂದಿದ್ದ ತಂಗಿಯ ಮಗ. ಅವನಿಗೆ ನೂಲಿನಂತೆ ಎಳೆ ಬರುವ ಪಿಜ್ಜಾ ಬೇಕಂತೆ. ರೈಲು ನಿಲ್ಲುವ ಊರೇನೋ ಹೌದು, ಆದರೆ ಮೊಜರೆಲ್ಲಾ ಇಳಿಯುವುದಿಲ್ಲ. ಮನೆಯಲ್ಲೇ ಮಾಡೋಣವೆಂದು ಸಿಟ್ರಿಕ್ ಆಸಿಡ್ ತಂದೆ, ರೆನೆಟ್ ಕೊರಿಯರ್‌ನಲ್ಲಿ ತರಿಸಿದೆ. ರೆನೆಟ್ ಅಂದರೇನು ಎಂದು ಅವ್ವ ಕೇಳಿಯೇ ಕೇಳುತ್ತಾಳೆಂದು ಗೊತ್ತಿತ್ತು. ಹಿಂದೆಲ್ಲ ಹಾಲುಕುಡಿಯುವ ಕರುವಿನ ಹೊಟ್ಟೆಯಿಂದ ತೆಗೆಯುತ್ತಿದ್ದರು. ನಾನು ತರಿಸಿದ್ದು ಒಂದು ಬಗೆಯ ಬೂಷ್ಟಿನಿಂದ ತೆಗೆದದ್ದು. ಡಬ್ಬಿಯ ಮೇಲಿನ ಹಸಿರು ಚುಕ್ಕೆ ತೋರಿಸಿದ ಮೇಲೆಯೇ ಅದು ಅಡುಗೆಮನೆಯ ಹೊಸ್ತಿಲು ದಾಟಿತು.

ಮೊದಲ ಸಲ ನಾನು ಮಾಡಿದ ತಪ್ಪು ಯಾರ ಮನೆಯಲ್ಲೂ ತಪ್ಪು ಅನ್ನಿಸಿಕೊಳ್ಳುವುದಿಲ್ಲ. ಬೆಳಿಗ್ಗೆ ಅವ್ವ ಕಾಯಿಸಿ ಇಟ್ಟಿದ್ದ ಹಾಲನ್ನೇ ತೆಗೆದುಕೊಂಡೆ. ಪಕ್ಕದ ಮನೆಯ ಎಮ್ಮೆಯ ಹಾಲು, ಎರಡು ಸಲ ಉಕ್ಕಿ ಬಂದು, ಮೇಲೆ ಬೆರಳುದಪ್ಪದ ಕೆನೆ ಕಟ್ಟಿದ್ದು. ಆಸಿಡ್ ಸರಿ, ರೆನೆಟ್ ಸರಿ, ಹಾಲು ಮಾತ್ರ ಗಟ್ಟಿ ಗಡ್ಡೆಯಾಗದೆ ಗಂಜಿಯಂತೆ ಕೂತಿತು. ಸೋಸಿ ಬಿಸಿನೀರಿಗೆ ಹಾಕಿದರೆ ನೀರೇ ಬೆಳ್ಳಗಾಯಿತು.

ಹಾಲು ಕುದಿಯುವಾಗ ಅದರ ತಿಳಿಯಲ್ಲಿರುವ ಒಂದು ಪ್ರೋಟೀನು ಬಿಚ್ಚಿಕೊಂಡು ಕೇಸೀನ್ ಕಣಗಳ ಮೈಗೆ ಅಂಟುತ್ತದೆ. ರೆನೆಟ್ಟಿನ ಕೆಲಸ ಆ ಕಣದ ಮೈಮೇಲಿನ ಕೂದಲನ್ನು ಕತ್ತರಿಸುವುದು. ಬೋಳಾದ ಕಣಗಳು ಒಂದನ್ನೊಂದು ಹಿಡಿದುಕೊಂಡು ಬಲೆಯಾಗುತ್ತವೆ. ಮೈತುಂಬ ಮೆತ್ತಿಕೊಂಡ ಕಣಗಳಿಗೆ ಹಾಗೆ ಹತ್ತಿರ ಬರಲು ಆಗುವುದಿಲ್ಲ. ತಮಾಷೆಯೆಂದರೆ, ಅವ್ವನ ಮೊಸರು ಚಾಕುವಿನಿಂದ ಕೊಯ್ಯುವಷ್ಟು ಗಟ್ಟಿಯಾಗುವುದಕ್ಕೂ ಈ ಅಂಟಿಕೆಯೇ ಕಾರಣ. ಚೆನ್ನಾಗಿ ಕಾಯಿಸಿದ ಹಾಲಿನ ಮೊಸರು ನೀರು ಬಿಡದೆ ನಿಲ್ಲುತ್ತದಲ್ಲ, ಆ ಗುಣವೇ ಇಲ್ಲಿ ವೈರಿ. ತಿಂಗಳುಗಟ್ಟಲೆ ಕೆಡದ ಡಬ್ಬಿಯ ಹಾಲಿನಿಂದಲೂ ಮೊಜರೆಲ್ಲಾ ಬರದಿರುವುದು ಇದಕ್ಕೇ.

ಹಾಲು ಒಡೆಯುವ ವಿದ್ಯೆ ನಮಗೆ ಹೊಸದೇನಲ್ಲ. 12ನೇ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಕಾದ ಹಾಲಿಗೆ ಹುಳಿ ಬೆರೆಸಿ, ಒಡೆದದ್ದನ್ನು ಬಟ್ಟೆಯಲ್ಲಿ ಸೋಸಿ, ಸಿಹಿ ಮಾಡುವುದನ್ನು ಹೇಳಿದ್ದಾನೆ. ಅವನ ವಂಶದವರ ಕಾಲದ ಗುಡಿಗಳು ನಮ್ಮ ಸೀಮೆಯ ಸೂಡಿಯಲ್ಲಿ ಇವತ್ತೂ ನಿಂತಿವೆ. ಆದರೆ ಅದು ಪನೀರಿನ ದಾರಿ: ಕುದಿ, ಹುಳಿ, ಬಟ್ಟೆ. ಪನೀರನ್ನು ಎಷ್ಟು ಕಾಯಿಸಿದರೂ ಕರಗುವುದಿಲ್ಲ, ಎಳೆಯಾಗುವುದೂ ಇಲ್ಲ. ಎಳೆಯುವ ದಾರಿ ಇಟಲಿಯವರದು. 1570ರಲ್ಲಿ ಅಚ್ಚಾದ ಬಾರ್ತೊಲೊಮಿಯೋ ಸ್ಕಾಪ್ಪಿಯ ಅಡುಗೆ ಪುಸ್ತಕದಲ್ಲೇ ಮೊಜರೆಲ್ಲಾ ಹೆಸರಿದೆ. ಎಳೆದ ಮುದ್ದೆಯನ್ನು ಕೈಯಿಂದ ಚಿವುಟಿ ಕತ್ತರಿಸುವುದರಿಂದ ಬಂದ ಹೆಸರು ಅದು. ಅವರು ಹೆಪ್ಪು ಹಾಕಿ, ತಾಸುಗಟ್ಟಲೆ ಹುಳಿ ಬರುವುದನ್ನು ಕಾಯುತ್ತಿದ್ದರು. ಸಿಟ್ರಿಕ್ ಆಸಿಡ್ ಆ ಕಾಯುವಿಕೆಯನ್ನು ತಪ್ಪಿಸುವ ಅಡ್ಡದಾರಿ. ಬೆಂಗಳೂರಿನಲ್ಲಿ ವಲ್ಲಂಬ್ರೋಸಾ ಮಠದ ಸನ್ಯಾಸಿಗಳು ಮೊಜರೆಲ್ಲಾ ಮಾಡುತ್ತಾರೆ ಎಂದು ಹೇಳಿದಾಗ ಅವ್ವನಿಗೆ ಈ ಪದಾರ್ಥದ ಮೇಲೆ ಸ್ವಲ್ಪ ಗೌರವ ಹುಟ್ಟಿತು. ಮಠದವರು ಮಾಡುವುದೆಂದರೆ ಕೆಟ್ಟದ್ದಿರಲಿಕ್ಕಿಲ್ಲ.

ಎರಡನೆಯ ಸಲ ಹಸಿ ಹಾಲು ತಂದೆ. ಹಸಿ ಹಾಲನ್ನು ಹಾಗೇ ಬಳಸುವ ಧೈರ್ಯ ನನಗಿಲ್ಲ, ದನದ ರೋಗ ಮನುಷ್ಯರಿಗೆ ಇದರಿಂದಲೂ ಹತ್ತುತ್ತದೆ. ಥರ್ಮಾಮೀಟರ್ ಇಟ್ಟು 63 ಡಿಗ್ರಿಗೆ ತಂದು, 30 ನಿಮಿಷ ಅಲ್ಲೇ ಹಿಡಿದು, ತಣ್ಣೀರಿನಲ್ಲಿ ಇಟ್ಟು ಪೂರ್ತಿ ತಣಿಸಿದೆ. ಹಾಲು ಉಕ್ಕದೇ ಒಲೆಯಿಂದ ಇಳಿದದ್ದನ್ನು ಕಂಡು ಅವ್ವ ತುಟಿ ಪಿಟಕ್ಕೆನ್ನಲಿಲ್ಲ, ಆದರೆ ಮುಖ ಎಲ್ಲ ಹೇಳಿತು. ಎರಡು ಲೀಟರಿಗೆ ಮುಕ್ಕಾಲು ಚಮಚ ಆಸಿಡ್, ಅರ್ಧ ಕಪ್ ನೀರಿನಲ್ಲಿ ಕರಗಿಸಿ, ಹಾಲು ತಣ್ಣಗಿರುವಾಗಲೇ ಕಲಸಿದೆ. ಬಿಸಿ ಹಾಲಿಗೆ ಹಾಕಿದರೆ ಬಿದ್ದ ಜಾಗದಲ್ಲೇ ಒಡೆದು ಹೋಗುತ್ತದೆ. 32 ಡಿಗ್ರಿಗೆ ಬಂದಾಗ ರೆನೆಟ್. ಹತ್ತು ನಿಮಿಷಕ್ಕೆ ಗಡ್ಡೆ ಕಟ್ಟಿತು. ಚಾಕು ಹಾಕಿ ಎತ್ತಿದರೆ ಅಂಚು ಸ್ವಚ್ಛವಾಗಿ ಸೀಳಿ, ಸಂದಿಯಲ್ಲಿ ತಿಳಿ ಹಸಿರು ನೀರು ನಿಂತಿತು. ಕೊಯ್ದು, 41 ಡಿಗ್ರಿವರೆಗೆ ನಿಧಾನವಾಗಿ ಕಾಯಿಸಿ, ಬಸಿದೆ. ಗೆದ್ದೆ ಅಂದುಕೊಂಡೆ.

ಹೆಬ್ಬೆರಳಷ್ಟು ತುಂಡನ್ನು 80 ಡಿಗ್ರಿ ನೀರಿನಲ್ಲಿ ಒಂದು ನಿಮಿಷ ಅದ್ದಿ ಎಳೆದರೆ, ಬೆರಳುದ್ದ ಬಂದು ರಬ್ಬರಿನಂತೆ ಪಟ್ಟನೆ ಹರಿಯಿತು. ಉದುರಲಿಲ್ಲ, ನೀರೂ ಕದಡಲಿಲ್ಲ. ಅಂದರೆ ರೋಗ ಬೇರೆ.

ಕೇಸೀನ್ ಕಣಗಳನ್ನು ಒಳಗೆ ಕಟ್ಟಿಹಾಕಿರುವುದು ಸುಣ್ಣದ ಅಂಶ, ಕ್ಯಾಲ್ಸಿಯಂ. ಹುಳಿ ಬಿದ್ದಂತೆ ಅದು ಕರಗಿ ನೀರಿಗೆ ಇಳಿಯುತ್ತದೆ. ಹೊರಸಿನ ಹಗ್ಗದ ಹಾಗೆ ನೋಡಿ: ಗಂಟುಗಳು ಬಿಗಿಯಾಗಿದ್ದರೆ ಹಗ್ಗ ಸಡಿಲಿ ಜರುಗುವುದಿಲ್ಲ, ಎಲ್ಲ ಗಂಟು ಬಿಚ್ಚಿದರೆ ಹೊರಸೇ ಇಲ್ಲ. ಒಂದಿಷ್ಟು ಗಂಟು ಬಿಚ್ಚಿ, ಉಳಿದವು ನಿಂತಾಗ ಮಾತ್ರ ಬಿಸಿಗೆ ಮೆತ್ತಗಾದ ಎಳೆಗಳು ಒಂದರ ಪಕ್ಕ ಒಂದು ಸರಿದು ಉದ್ದವಾಗುತ್ತವೆ. ಪಿಎಚ್ ಲೆಕ್ಕದಲ್ಲಿ ಹಾಲು 6.6ರ ಆಸುಪಾಸು, ಸಿಟ್ರಿಕ್ ಆಸಿಡ್ಡಿನ ದಾರಿಯಲ್ಲಿ ಅದು 5.6ರ ಸುತ್ತ ನಿಲ್ಲಬೇಕು. ಹೆಪ್ಪಿನ ದಾರಿಯಾದರೆ ಇನ್ನೂ ಹುಳಿ ಬೇಕು, 5.2ರ ಹತ್ತಿರ. ಸಿಟ್ರಿಕ್ ಆಸಿಡ್ ಕ್ಯಾಲ್ಸಿಯಮ್ಮನ್ನು ತಾನೇ ಹಿಡಿದುಕೊಳ್ಳುವುದರಿಂದ ಅಷ್ಟು ಕೆಳಗೆ ಇಳಿಯಬೇಕಿಲ್ಲ.

ನನ್ನ ಮುಕ್ಕಾಲು ಚಮಚ ಆಕಳ ಹಾಲಿನ ಲೆಕ್ಕ. ಎಮ್ಮೆ ಹಾಲಿನಲ್ಲಿ ಕೇಸೀನೂ ಜಾಸ್ತಿ, ಕ್ಯಾಲ್ಸಿಯಮ್ಮೂ ಜಾಸ್ತಿ. ಅಷ್ಟು ಹುಳಿಯನ್ನು ಅದು ಸುಮ್ಮನೆ ನುಂಗಿಬಿಡುತ್ತದೆ. ಇಲ್ಲಿ ಇನ್ನೊಂದು ಪೇಚು. ಹೆಪ್ಪು ಹಾಕಿದ ಗಡ್ಡೆ ಎಳೆಯಾಗದಿದ್ದರೆ ಇನ್ನೊಂದು ತಾಸು ಬಿಟ್ಟರೆ ಹುಳಿಯೇರಿ ದಾರಿಗೆ ಬರುತ್ತದೆ. ಆಸಿಡ್ಡಿನ ಗಡ್ಡೆ ಕಾದರೆ ಬದಲಾಗುವುದಿಲ್ಲ. ಮೊದಲ ಚಮಚದಲ್ಲೇ ಅದರ ಹಣೆಬರಹ ಬರೆದಾಗಿರುತ್ತದೆ. ಆ ಗಡ್ಡೆಗೆ ಖಾರ, ಉಪ್ಪು ಹಾಕಿ ಹುರಿದು ತಿಂದೆವು. ಹಲ್ಲಿನಡಿ ಕಿಚಕಿಚ ಅನ್ನುತ್ತಿತ್ತು. ಹುಡುಗನಿಗೆ ಪಿಜ್ಜಾಕ್ಕಿಂತ ಅದೇ ಹಿಡಿಸಿತು ಎಂಬುದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಮೂರನೆಯ ಸಲ ಮಟ್ಟಸವಾಗಿ ಒಂದು ಚಮಚ, ಸುಮಾರು 5 ಗ್ರಾಂ. ಉಳಿದದ್ದೆಲ್ಲ ಹಾಗೇ. ತುಂಡನ್ನು ಅದ್ದಿ ತೆಗೆದಾಗ ಮೈಮೇಲೆ ಎಣ್ಣೆ ಸವರಿದಂಥ ಹೊಳಪು. ನನಗೆ ಬಿಸಿ ತಡೆಯಲಿಲ್ಲ. ಮುದ್ದೆಯ ಒಳಗೇ 57 ಡಿಗ್ರಿಯಾದರೂ ಇರಬೇಕು, ಆರಿದರೆ ಹರಿಯುತ್ತದೆ. ಅವ್ವ ನನ್ನನ್ನು ಸರಿಸಿ ಕೂತಳು. ಕಾದ ಹಂಚಿನ ಮೇಲೆ ರೊಟ್ಟಿ ಹಾಕಿ ಬರಿಗೈಯಲ್ಲಿ ನೀರು ಸವರುವವಳ ಕೈ ಅದು. ಎತ್ತಿದಳು, ಮುದ್ದೆ ತನ್ನ ಭಾರಕ್ಕೇ ಮೊಳದುದ್ದ ಇಳಿಯಿತು, ಮಡಚಿದಳು, ಮತ್ತೆ ಅದ್ದಿದಳು. ನಾಲ್ಕನೆಯ ಮಡಿಕೆಗೆ ಅದು ರೇಷ್ಮೆಯಂತೆ ಪದರಪದರವಾಯಿತು. ಅತಿಯಾಗಿ ನಾದಬೇಡ, ಜಿಡ್ಡು ಹೋಗಿ ಗಟ್ಟಿಯಾಗುತ್ತದೆ ಎಂದು ನಾನು ಹೇಳಬೇಕೆನ್ನುವಷ್ಟರಲ್ಲಿ ಅವಳೇ ನಿಲ್ಲಿಸಿ, ಹೆಬ್ಬೆರಳು ತೋರುಬೆರಳ ನಡುವೆ ಹಿಚುಕಿ, ಚಿವುಟಿ, ಉಪ್ಪಿನ ತಣ್ಣೀರಿಗೆ ಬಿಟ್ಟಳು.

"ಈಗ ಬಂತ್ ನೋಡ್ ಜಿಗಿ."

ಬಸಿದ ನೀರು ಒಂದೂವರೆ ಲೀಟರಿನಷ್ಟು ಉಳಿದಿತ್ತು. ಸಂಜೆ ಅದನ್ನೇ ಕುದಿಸಿ, ಎಸರು ಮಾಡಿ, ಜೋಳದ ಹಿಟ್ಟಿಗೆ ಸುರಿದು ಅವ್ವ ರೊಟ್ಟಿಗೆ ಕೂತಳು.