ಅಕ್ಕನ ಪ್ರೊಫೈಲು ಮೂರು ಸಲ ಬರೆದೆವು

"ನೀನು ಕಂಪ್ಯೂಟರ್‌ನವನಲ್ವಾ, ನಂಗೊಂದು ಪ್ರೊಫೈಲ್ ಮಾಡ್ಕೊಡೋ" ಅಂತ ಅಕ್ಕ ಕೇಳಿದ್ದು ಕಳೆದ ಮಳೆಗಾಲದಲ್ಲಿ, ಸಾಗರದ ಅವಳ ಬಾಡಿಗೆ ಮನೆಯಲ್ಲಿ ಕಾಫಿ ಸೋಸುತ್ತಾ. ಅಕ್ಕ ಅಂದರೆ ನನ್ನ ದೊಡ್ಡಮ್ಮನ ಮಗಳು. ವಯಸ್ಸು 43. ಡಿವೋರ್ಸ್ ಆಗಿ ನಾಲ್ಕು ವರ್ಷ. ಮಗಳು ತೀರ್ಥಹಳ್ಳಿಯಲ್ಲಿ ಹಾಸ್ಟೆಲ್‌ನಲ್ಲಿದ್ದು ಪಿಯುಸಿ ಓದುತ್ತಾಳೆ. ದೊಡ್ಡಮ್ಮ ಹೊಸನಗರದ ಹತ್ತಿರ ತೋಟದ ಮನೆಯಲ್ಲಿ ಒಬ್ಬರೇ ಇದ್ದಾರೆ. "ಅಮ್ಮಂಗೆ ಈಗಲೇ ಹೇಳ್ಬೇಡ" ಅಂತಲೂ ಸೇರಿಸಿದಳು.

ಮೊದಲ ಸಲ ಅವಳೇ ಬರೆದಳು. "ಕುಡಿಯುವವರು ಬೇಡ. ಸಾಲ ಮಾಡಿ ಮುಚ್ಚಿಡುವವರು ಬೇಡ. ಮಾತು ಮಾತಿಗೆ ಕೂಗಾಡುವವರು ಬೇಡ." ಹೀಗೇ ಎಂಟು ಸಾಲು. ಓದಿ ನಾನು, "ಅಕ್ಕಾ, ಇದು ನಿನ್ನ ಪ್ರೊಫೈಲ್ ಅಲ್ಲ, ಭಾವನ ಪ್ರೊಫೈಲ್" ಅಂದುಬಿಟ್ಟೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನಕ್ಕಳು. ಒಂದು ಕೆಟ್ಟ ಮಾತು ಬರೆಯದಿದ್ದರೂ 'ಬೇಡ'ಗಳ ಪಟ್ಟಿಯೊಳಗೆ ಹಳೇ ಸಂಸಾರ ಪೂರ್ತಿ ಕೂತಿತ್ತು. ಗುರುತಿಲ್ಲದವನೂ ಅದನ್ನು ಓದಿ ಹಿಂದಿನ ಗಂಡ ಹೇಗಿದ್ದ ಅಂತ ಹೇಳಬಹುದು. ಅಕ್ಕ ಹೇಗಿದ್ದಾಳೆ ಅಂತ ಮಾತ್ರ ಗೊತ್ತಾಗುವುದಿಲ್ಲ.

ಎರಡನೇ ಸಲ ನಾನು ಬರೆದೆ. ಶಾಂತ ಸ್ವಭಾವ, ಸರಳ ಜೀವನ, ಸಂಗೀತದಲ್ಲಿ ಆಸಕ್ತಿ. ಮಕ್ಕಳಿದ್ದಾರಾ ಅನ್ನುವ ಕಾಲಂ ಖಾಲಿ ಬಿಟ್ಟೆ. ಮಕ್ಕಳಿಲ್ಲದವರನ್ನು ಮಾತ್ರ ಹುಡುಕುವ ಫಿಲ್ಟರ್ ಇರುತ್ತದೆ, ನಮ್ಮದು ಯಾರ ಕಣ್ಣಿಗೂ ಬೀಳಲಿಕ್ಕಿಲ್ಲ ಅಂತ ನನ್ನ ಲೆಕ್ಕ. "ಮಾತುಕತೆ ಶುರುವಾದ ಮೇಲೆ ಮಗಳ ವಿಷಯ ಹೇಳಿದ್ರಾಯ್ತು" ಅಂದೆ. ಅಕ್ಕನಿಗೆ ನಿಜವಾಗಿ ಸಿಟ್ಟು ಬಂತು. "ನಾಳೆ ಅವಳೇ ಇದನ್ನ ಓದಿದ್ರೆ? ಅಮ್ಮ ನನ್ನ ಮುಚ್ಚಿಟ್ಟಳು ಅಂತ ಆಗಲ್ವೇನೋ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮಗಳು ಬೇಡ ಅನ್ನುವವರ ಕಣ್ಣಿಗೆ ಬೀಳದೇ ಇರುವುದೇ ಒಳ್ಳೆಯದು ಅಂತ ಅವಳು ಹೇಳಿದ ಮೇಲೆ ನನಗೆ ಹೊಳೆಯಿತು.

ಮೂರನೇ ಸಲ ಇಬ್ಬರೂ ಕೂತು ಬರೆದೆವು. ಅದು ಹೀಗಿತ್ತು:

"ನನಗೆ 43. ಸಾಗರದಲ್ಲಿ ಕೆಲಸ. ಇಬ್ಬರ ಒಪ್ಪಿಗೆಯಿಂದ ವಿಚ್ಛೇದನವಾಗಿ ನಾಲ್ಕು ವರ್ಷವಾಯಿತು, ಆದೇಶದ ಪ್ರತಿ ಇದೆ. ಪಿಯುಸಿ ಓದುವ ಮಗಳಿದ್ದಾಳೆ, ರಜೆಗೆ ನನ್ನ ಮನೆಗೇ ಬರುತ್ತಾಳೆ. ಅವಳ ಪಿಯುಸಿ ಮುಗಿಯುವವರೆಗೆ ಊರು ಬಿಡುವುದಿಲ್ಲ. ತಿಂಗಳಿಗೆರಡು ಭಾನುವಾರ ಅಮ್ಮನ ಮನೆಗೆ ಹೋಗುತ್ತೇನೆ. ಬೆಳಿಗ್ಗೆ ಬೇಗ ಏಳುತ್ತೇನೆ, ರಾತ್ರಿ ಪುಸ್ತಕ ಓದುತ್ತೇನೆ. ದುಡ್ಡಿನ ವಿಷಯ ಮುಚ್ಚುಮರೆಯಿಲ್ಲದೆ ಮಾತಾಡುವವರು ಇಷ್ಟ."

ಗಮನಿಸಿ, 'ಸಾಲ ಮುಚ್ಚಿಡುವವರು ಬೇಡ' ಅನ್ನುವುದೇ ಕೊನೆಯ ಸಾಲಾಗಿದೆ. ಕೇಳಿದ್ದು ಅದೇ, ಆದರೆ ಹಳೇ ಕಥೆ ಅಲ್ಲಿಲ್ಲ. ಡಿವೋರ್ಸ್‌ಗೆ ಒಂದೇ ವಾಕ್ಯ, ಕಾರಣ ಬರೆದಿಲ್ಲ. ಮಗಳ ಹೆಸರು, ಕಾಲೇಜು, ಫೋಟೋ ಯಾವುದೂ ಹಾಕಲಿಲ್ಲ. ಅವಳಿದ್ದಾಳೆ ಅಂತ ಹೇಳುವುದು ಪ್ರಾಮಾಣಿಕತೆ, ಅವಳ ಗುರುತು ಕೊಡುವುದು ನಮ್ಮ ಹಕ್ಕಲ್ಲ.

ಆದೇಶದ ಪ್ರತಿ ಅಂತ ಬರೆಯಲು ಕಾರಣವಿದೆ. ಹಿಂದೂ ವಿವಾಹ ಕಾಯ್ದೆಯ 13ಬಿ ಪ್ರಕಾರ ಒಪ್ಪಿಗೆಯ ವಿಚ್ಛೇದನಕ್ಕೂ ಮೊದಲು ಒಂದು ವರ್ಷ ಬೇರೆಯಾಗಿ ಇರಬೇಕು. ಅರ್ಜಿ ಹಾಕಿದ ಮೇಲೆ ಸಾಮಾನ್ಯವಾಗಿ ಇನ್ನಾರು ತಿಂಗಳು ಕಾಯಬೇಕು. ಸೂಕ್ತ ಕಂಡರೆ ಈ ಆರು ತಿಂಗಳನ್ನು ಕೋರ್ಟು ಬಿಟ್ಟುಕೊಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಏನೇ ಆದರೂ ಕೋರ್ಟಿನ ಆದೇಶ ಬರುವವರೆಗೆ ಮದುವೆ ಮದುವೆಯೇ. ಕೆಲವು ಮ್ಯಾಟ್ರಿಮೊನಿ ಸೈಟುಗಳಲ್ಲಿ `Divorced` ಬೇರೆ, `Awaiting Divorce` ಬೇರೆ ಇರುವುದು ಅದಕ್ಕೇ.

ಈ ವ್ಯತ್ಯಾಸ ಅಕ್ಕನ ಉಪಯೋಗಕ್ಕೆ ಬಂತು. ಮೊದಲು ಫೋನ್ ಮಾಡಿದವರೊಬ್ಬರು ಚೆನ್ನಾಗಿಯೇ ಮಾತಾಡಿದರು. "ಆದೇಶ ಯಾವಾಗ ಆಯ್ತು?" ಅಂತ ಕೇಳಿದರೆ "ಹೆಚ್ಚುಕಮ್ಮಿ ಆದ ಹಾಗೇ" ಅಂದರು. ಇನ್ನೊಬ್ಬರು "ತಪ್ಪು ಯಾರದ್ದು?" ಅಂತಲೇ ಶುರು ಮಾಡಿದರು. ಅದಕ್ಕೆ ಅಕ್ಕ ಮೊದಲೇ ಉತ್ತರ ಯೋಚಿಸಿಟ್ಟಿದ್ದಳು: "ನಮ್ಮಿಬ್ರಿಗೂ ಒಟ್ಟಿಗೆ ಇರಕ್ಕೆ ಆಗ್ಲಿಲ್ಲ. ಉಳಿದಿದ್ದು ಮುಖ ನೋಡಿ ಮಾತಾಡೋವಾಗ ಹೇಳ್ತೀನಿ." ಅವರು ಮತ್ತೆ ಫೋನ್ ಮಾಡಲಿಲ್ಲ.

ನಾಲ್ಕು ತಿಂಗಳಲ್ಲಿ ಬಂದದ್ದು ಐದೇ ಕರೆ. ಐದನೆಯವರು ಮೊದಲು ಕೇಳಿದ್ದು, "ನಿಮ್ಮ ಮಗಳಿಗೆ ಈ ವಿಷಯ ಗೊತ್ತಾ?" ಗೊತ್ತಿತ್ತು. ಮೂರನೇ ಸಲ ಬರೆದದ್ದನ್ನು ಅಕ್ಕ ತೀರ್ಥಹಳ್ಳಿಗೆ ಹೋಗಿ ಅವಳಿಗೇ ಮೊದಲು ಓದಿಸಿ ಬಂದಿದ್ದಳು. ಮಗಳು ಒಂದೇ ತಿದ್ದುಪಡಿ ಹೇಳಿದ್ದಳಂತೆ: "ಬೆಳಿಗ್ಗೆ ಬೇಗ ಏಳ್ತೀನಿ ಅಂತ ಹಾಕಿದೀಯಲ್ಲ, ಬೇರೆಯವರನ್ನೂ ಎಬ್ಬಿಸ್ತೀನಿ ಅಂತ್ಲೂ ಹಾಕು."

ಹಾಕಿದೆವು. ಅವರನ್ನು ಅಕ್ಕ ಇಕ್ಕೇರಿ ದೇವಸ್ಥಾನದಲ್ಲಿ, ಹಗಲು ಹೊತ್ತಿನಲ್ಲಿ, ಭೇಟಿಯಾಗಿ ಬಂದಳು. ಏನಾಗುತ್ತದೋ ಗೊತ್ತಿಲ್ಲ. ಆದರೆ ಅದರ ಮುಂದಿನ ಭಾನುವಾರ ಹೊಸನಗರಕ್ಕೆ ಹೋದವಳು ದೊಡ್ಡಮ್ಮನಿಗೆ ತಾನೇ ಎಲ್ಲಾ ಹೇಳಿದಳು.