ಪೀಣ್ಯದಲ್ಲಿ ಗಿರಾಕಿಗೆ ಶುಭ ಕೋರುತ್ತಿದ್ದ ಬಗೆ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಕಾರ್ಬೈಡ್ ಟೂಲ್‌ಗಳ ಬ್ಯಾಗು ಹಿಡಿದು ಪೀಣ್ಯದ ಶೆಡ್‌ಗಳನ್ನು ಸುತ್ತತೊಡಗಿದಾಗ, ಗಿರಾಕಿಗೆ ಶುಭ ಕೋರಲು ವರ್ಷದಲ್ಲಿ ಒಂದು ದಿನ ಇದ್ದೇ ಇರುತ್ತಿತ್ತು. ಅದು ಆಯುಧಪೂಜೆ. ಲೇತ್‌ಗಳ ಎಣ್ಣೆ ಒರೆಸಿ, ಕುಂಕುಮವಿಟ್ಟು, ಬಾಗಿಲಿಗೆ ಬಾಳೆಕಂದು ಕಟ್ಟಿರುತ್ತಿದ್ದರು. ನಾವು ಒಂದು ಹಾರ, ಒಂದು ಡಬ್ಬಿ ಸಿಹಿ ಹಿಡಿದು ಹೋಗುತ್ತಿದ್ದೆವು. ಆ ವರ್ಷ ಹೊಸ ಮಷಿನ್ ಬಂದಿದ್ದರೆ ಮಾಲೀಕರು ನಮ್ಮನ್ನು ಅದರ ಮುಂದೆಯೇ ನಿಲ್ಲಿಸಿ, ಮಂಗಳಾರತಿ ಮುಗಿಸಿ, ಪುರಿ–ಕಡಲೆ ಕೈಗೆ ಹಾಕುತ್ತಿದ್ದರು. ವ್ಯಾಪಾರದ ಮಾತು ಆ ದಿನ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಬಾಕಿ ಹಣ ಎಷ್ಟೇ ಇರಲಿ, ಅದಕ್ಕೆ ಮರುವಾರ ಹೋಗುತ್ತಿದ್ದೆವು.

ತೊಂಬತ್ತರ ದಶಕದಲ್ಲಿ ಶುಭ ಕೋರುವ ಸಂದರ್ಭಗಳು ಹೆಚ್ಚಿದವು. ಎಪ್ಪತ್ತರ ದಶಕದಲ್ಲಿ ಆರಂಭವಾಗಿದ್ದ ಘಟಕಗಳಿಗೆ ಒಂದೊಂದಾಗಿ ಇಪ್ಪತ್ತೈದು ತುಂಬತೊಡಗಿತು. ಜೊತೆಗೆ ಐಎಸ್‌ಒ ಬಂತು. ವಿನ್ಯಾಸ ತಮ್ಮದಲ್ಲದೆ ತಯಾರಿಕೆ ಮಾತ್ರ ಮಾಡುವ ಜಾಬ್ ವರ್ಕ್ ಘಟಕಗಳು ಹೆಚ್ಚಾಗಿ ಪಡೆಯುತ್ತಿದ್ದುದು ಐಎಸ್‌ಒ 9002. ಸರ್ಟಿಫಿಕೇಟ್ ಬಂದ ವಾರ ಗೇಟಿಗೆ ಬ್ಯಾನರ್ ಕಟ್ಟುತ್ತಿದ್ದರು. ಸಪ್ಲೈಯರ್‌ಗಳಾದ ನಮ್ಮಿಂದ ಟೆಲಿಗ್ರಾಂ ಹೋಗುತ್ತಿತ್ತು. ತಂತಿ ಕಚೇರಿಯಲ್ಲಿ ಸಿದ್ಧ ಶುಭಾಶಯಗಳ ಪಟ್ಟಿಯೇ ಇತ್ತು, ವಾಕ್ಯದ ಬದಲು ಅದರ ಸಂಖ್ಯೆ ಬರೆದರೆ ಸಾಕು. ದೊಡ್ಡ ಕಂಪನಿಯಾದರೆ ಪತ್ರಿಕೆಯ ವಿಶೇಷ ಪುರವಣಿಯಲ್ಲಿ ‘ಶುಭ ಕೋರುವವರು’ ಎಂದು ಚೌಕ ಹಾಕಿಸುತ್ತಿದ್ದೆವು. ಒಂದೇ ಪುಟದಲ್ಲಿ ಹತ್ತಾರು ಚೌಕ, ಎಲ್ಲದರಲ್ಲೂ ಅದೇ ಮಾತು. ಕಂಪನಿಯವರು ಆ ಪುಟವನ್ನು ಜೋಪಾನವಾಗಿ ಇಡುತ್ತಿದ್ದರು ನಿಜ, ಆದರೆ ಯಾವ ಚೌಕ ಯಾರದೆಂದು ಕೇಳಿದರೆ ಹೇಳಲು ಆಗುತ್ತಿರಲಿಲ್ಲ.

ಉಡುಗೊರೆಯದು ಇನ್ನೊಂದು ದಾರಿ. ಕಂಪನಿಯ ಹೆಸರು ಹಾಕಿಸಿದ ಗೋಡೆ ಗಡಿಯಾರ ಆಗ ಬಲು ಮಾಮೂಲು. ಚಿಕ್ಕ ಶೆಡ್‌ಗಳಲ್ಲಿ ಅದನ್ನು ಸಂತೋಷದಿಂದ ತೂಗುಹಾಕುತ್ತಿದ್ದರು. ಸಾರ್ವಜನಿಕ ವಲಯದ ಕಾರ್ಖಾನೆಗಳಲ್ಲಿ ಮಾತ್ರ ಅದು ಪರ್ಚೇಸ್ ಅಧಿಕಾರಿಗಳನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತಿತ್ತು. ಟೆಂಡರ್ ತೆರೆಯುವ ಕೈಗೆ ಗಡಿಯಾರ ಕೊಟ್ಟರೆ ಅವರಿಗೆ ನಿಯಮದ ಭಯ. ಅಲ್ಲಿಗೆ ನಾವು ಕಂಪನಿಯ ಹೆಸರಿಗೇ ಒಂದು ಪತ್ರ ಕಳಿಸತೊಡಗಿದೆವು. ಪತ್ರವನ್ನು ಯಾರೂ ಹಿಂದಿರುಗಿಸಲಿಲ್ಲ.

ಪತ್ರ ಹೇಗಿರಬೇಕೆಂದು ನನಗೆ ಚೆನ್ನಾಗಿ ಅರ್ಥವಾದದ್ದು ಎರಡನೇ ಹಂತದ ಒಂದು ಟರ್ನಿಂಗ್ ಘಟಕದ ಬೆಳ್ಳಿಹಬ್ಬದಲ್ಲಿ. ಭಾವ–ಭಾವಮೈದುನರ ಪಾಲುದಾರಿಕೆ. ಬಾಡಿಗೆ ಶೆಡ್‌ನಲ್ಲಿ ಒಂದು ಹಳೆಯ ಎಚ್‌ಎಂಟಿ ಲೇತ್ ಇಟ್ಟು ಆರಂಭಿಸಿದವರು, ಆ ಹೊತ್ತಿಗೆ ಸಿಎನ್‌ಸಿ ಮಷಿನ್‌ಗಳ ಸಾಲನ್ನೇ ಹೊಂದಿದ್ದರು. ಬರೆಯಲು ಕೂರುವ ಮೊದಲು ನಾನು ಅವರ ಸ್ಟೋರ್ಸ್‌ನವರನ್ನು ವಿಚಾರಿಸಿದೆ. ಫರ್ಮ್ ನೋಂದಣಿಯಾದದ್ದು ಬೇಸಿಗೆಯಲ್ಲಿ. ಆದರೆ ಇಬ್ಬರೂ ತಮ್ಮ ವರ್ಷ ಎಣಿಸುತ್ತಿದ್ದುದು ಮೊದಲ ಡೆಲಿವರಿ ಚಲನ್ ಹರಿದ ದಿನದಿಂದ, ಅದು ದಸರೆಯ ನಂತರ. ಕಾಗದದ ದಿನ ನೋಡಿ ಬರೆದಿದ್ದರೆ ಪತ್ರ ತಿಂಗಳುಗಟ್ಟಲೆ ಮೊದಲೇ ಹೋಗಿ, ನಮಗೆ ಅವರ ವಿಷಯ ಗೊತ್ತಿಲ್ಲ ಎಂಬುದನ್ನೇ ಹೇಳುತ್ತಿತ್ತು.

ಎರಡನೆಯದು ಹೆಸರುಗಳ ವಿಷಯ. ಆರ್ಡರ್ ಕೊಡುತ್ತಿದ್ದವರು ಭಾವಮೈದುನ. ನಮಗೆ ದಿನನಿತ್ಯ ಸಿಗುತ್ತಿದ್ದವರೂ ಅವರೇ. ಭಾವ ಶಾಪ್ ಫ್ಲೋರ್ ಬಿಟ್ಟು ಈಚೆ ಬರುತ್ತಿರಲಿಲ್ಲ. ಇನ್ನೊಬ್ಬ ಸಪ್ಲೈಯರ್ ಬೊಕೆ ಕಳಿಸಿ, ಮೇಲೆ ಕಿರಿಯವರ ಹೆಸರು ಮಾತ್ರ ಬರೆದಿದ್ದರು. ಅದನ್ನು ಕಿರಿಯವರೇ ರಿಸೆಪ್ಷನ್‌ನಿಂದ ತೆಗೆಸಿಬಿಟ್ಟರು. ಪಾಲುದಾರಿಕೆಯಲ್ಲಿ ಒಬ್ಬರನ್ನು ಹೊಗಳಿದರೆ ಇನ್ನೊಬ್ಬರ ಎದುರು ಅವರಿಗೇ ಮುಜುಗರ.

ನಮ್ಮ ಪತ್ರದಲ್ಲಿ ಇದ್ದದ್ದು ಇಷ್ಟೇ:

“ಮಾನ್ಯರೆ, ನಿಮ್ಮ ಮೊದಲ ಚಲನ್‌ಗೆ ಈ ವಾರ ಇಪ್ಪತ್ತೈದು ವರ್ಷ ತುಂಬಿದೆ ಎಂದು ತಿಳಿದು ಸಂತೋಷವಾಯಿತು. ಸ್ಟೇನ್‌ಲೆಸ್ ಸ್ಟೀಲ್ ಬುಷ್‌ನ ಕೆಲಸದಲ್ಲಿ ನಮ್ಮ ಇನ್ಸರ್ಟ್‌ಗಳ ಅಂಚು ಮತ್ತೆ ಮತ್ತೆ ಉದುರುತ್ತಿದ್ದಾಗ ನಾವು ಗ್ರೇಡ್ ಬದಲಿಸಲು ಹೊರಟಿದ್ದೆವು. ನಿಮ್ಮ ಹಿರಿಯ ಟರ್ನರ್, ಟೂಲ್ ಹೋಲ್ಡರಿನಿಂದ ತುಂಬ ಹೊರಗೆ ಚಾಚಿಕೊಂಡಿದೆ, ಅದನ್ನು ಒಳಗೆ ತಳ್ಳಿ ನೋಡೋಣ ಎಂದರು. ನಡುಕ ನಿಂತಿತು, ಅಂಚೂ ಉಳಿಯಿತು. ಅಂದಿನಿಂದ ಇಂಥ ದೂರು ಬಂದಲ್ಲೆಲ್ಲ ನಾವು ಮೊದಲು ನೋಡುವುದು ಅದನ್ನೇ. ತಮ್ಮಿಬ್ಬರಿಗೂ, ಅವರಿಗೂ, ಎಲ್ಲ ಶಿಫ್ಟಿನವರಿಗೂ ನಮ್ಮ ಅಭಿನಂದನೆ.”

ಇದರಲ್ಲಿ ಬುಷ್ ಯಾವ ಕಂಪನಿಗೆ ಹೋಗುತ್ತಿತ್ತು ಎಂಬುದನ್ನು ಬರೆಯಲಿಲ್ಲ. ಎಷ್ಟು ನಗ ಎಂಬುದನ್ನೂ ಬರೆಯಲಿಲ್ಲ. ಜಾಬ್ ವರ್ಕ್‌ನಲ್ಲಿ ಗಿರಾಕಿಯ ಗಿರಾಕಿ ಯಾರೆಂಬುದು ಗುಟ್ಟು, ಪತ್ರ ಯಾರ ಕಣ್ಣಿಗಾದರೂ ಬೀಳಬಹುದು. ‘ಮುಂದೆಯೂ ನಿಮ್ಮ ಸಹಕಾರವಿರಲಿ’ ಎಂಬ ಸಾಲನ್ನು ನಮ್ಮ ಮ್ಯಾನೇಜರ್ ಸೇರಿಸಲು ನೋಡಿದರು. ಬೇಡವೆಂದು ಬಿಡಿಸಿದೆ. ಆ ಒಂದು ಸಾಲು ಸೇರಿದರೆ ಮೇಲಿನದೆಲ್ಲ ಆರ್ಡರಿಗೆ ಪೀಠಿಕೆಯಾಗುತ್ತದೆ. ಹಿರಿಯ ಪಾಲುದಾರರು ಆ ಪತ್ರವನ್ನು ಟರ್ನರ್ ಕೈಯಲ್ಲೇ ಓದಿಸಿದರಂತೆ. ಅದಾದ ಮೇಲೆ ನಾನು ಶಾಪ್ ಫ್ಲೋರಿಗೆ ಹೋದಾಗ ಯಾವ ಟೂಲ್ ಎಲ್ಲಿ ಸವೆಯುತ್ತಿದೆ ಎಂಬುದನ್ನು ಆ ಟರ್ನರೇ ಕರೆದು ತೋರಿಸುತ್ತಿದ್ದರು. ಟೂಲ್ ಮಾರುವವನಿಗೆ ಅದಕ್ಕಿಂತ ದೊಡ್ಡ ಮಾಹಿತಿ ಇಲ್ಲ. ಹಾಗೆಂದು ಆ ಪತ್ರ ದರ ಇಳಿಸುವ ಒತ್ತಾಯವನ್ನೇನೂ ಕಡಿಮೆ ಮಾಡಲಿಲ್ಲ. ನಮ್ಮ ಸರಕು ತಡವಾದಾಗ ಬೈಗುಳವೂ ತಪ್ಪಲಿಲ್ಲ. ಬೈಯಲು ಫೋನ್ ಮಾಡಿದರೇ ಹೊರತು, ಹೇಳದೆ ಕೇಳದೆ ಬೇರೆಯವರ ಕಡೆ ಹೋಗಲಿಲ್ಲ.

2000ದಲ್ಲಿ ಐಎಸ್‌ಒ 9002 ಅನ್ನು 9001ರೊಳಗೇ ಸೇರಿಸಿದರು. 2013ರ ಜುಲೈನಲ್ಲಿ ಟೆಲಿಗ್ರಾಂ ನಿಂತಿತು. 2014ರಲ್ಲಿ ಪೀಣ್ಯಕ್ಕೆ ಮೆಟ್ರೋ ಬಂತು. ಅಷ್ಟರಲ್ಲಿ ಶುಭಾಶಯವೆಲ್ಲ ಫೋನಿನೊಳಗೆ ಸೇರಿಹೋಗಿತ್ತು. ಈಗ ಮಾಲೀಕರು ಕಂಪನಿಯಲ್ಲಿ ಕಳೆದ ವರ್ಷಗಳ ವಾರ್ಷಿಕೋತ್ಸವವನ್ನು ಲಿಂಕ್ಡ್‌ಇನ್ ನೆನಪಿಸುತ್ತದೆ, ಬರೆಯಬೇಕಾದ ಮಾತನ್ನೂ ಅದೇ ಮುಂದಿಡುತ್ತದೆ. ಒಂದು ಒತ್ತು ಸಾಕು. ವಾಟ್ಸಾಪ್‌ನಲ್ಲಿ ಹೂಗುಚ್ಛದ ಚಿತ್ರ ಫಾರ್ವರ್ಡ್ ಆಗಿ ಬರುತ್ತದೆ. ತಂತಿ ಕಚೇರಿಯ ಸಂಖ್ಯೆ ಬರೆದಂತೆಯೇ ಇದೂ. ಕಳಿಸಿದವರ ಕೆಲಸ ಹಗುರ, ಪಡೆದವರಿಗೆ ಅದರಲ್ಲಿ ತಮ್ಮದೇನೂ ಕಾಣುವುದಿಲ್ಲ. ಇದಕ್ಕಿಂತ ಕೆಟ್ಟದ್ದನ್ನೂ ಕಂಡಿದ್ದೇನೆ. ಬೆಳಿಗ್ಗೆ ಗಿರಾಕಿಗೆ ಅಭಿನಂದನೆಯ ಮೇಲ್ ಹೋಗಿರುತ್ತದೆ, ಮಧ್ಯಾಹ್ನ ಅದೇ ವಿಳಾಸಕ್ಕೆ ಅಕೌಂಟ್ಸ್ ಸಾಫ್ಟ್‌ವೇರ್ ತಾನಾಗಿಯೇ ‘ಬಿಲ್ ಬಾಕಿ ಇದೆ’ ಎಂದು ಕಳಿಸಿರುತ್ತದೆ. ಬಾಕಿ ಕೇಳುವುದು ನ್ಯಾಯವೇ. ಆ ಗಿರಾಕಿಯ ನೆನಪೋಲೆಯನ್ನು ಒಂದು ವಾರ ತಡೆಹಿಡಿಯಿರಿ ಎಂದು ಅಕೌಂಟ್ಸ್‌ನವರಿಗೆ ಮೊದಲೇ ಹೇಳಿದ್ದರೆ ಸಾಕಿತ್ತು.

ವಾಟ್ಸಾಪ್‌ನಲ್ಲಿ ಕಳಿಸಬಾರದೆಂದು ನಾನು ಹೇಳುವುದಿಲ್ಲ. ಮಾಲೀಕರ ಮಕ್ಕಳು ಈಗ ಅಲ್ಲೇ ಸಿಗುತ್ತಾರೆ. ಬರೆದದ್ದರಲ್ಲಿ ಕಂಪನಿಯ ಹೆಸರು ತೆಗೆದು ಪಕ್ಕದ ಶೆಡ್‌ನ ಹೆಸರು ಹಾಕಿ ನೋಡಿ. ಆಗಲೂ ಸರಿಹೊಂದಿದರೆ ಮತ್ತೆ ಬರೆಯಿರಿ. ಹಾಗೆ ಬರೆಯಲು ಏನಾದರೂ ಗೊತ್ತಿರಬೇಕಲ್ಲ, ಅದು ಹಬ್ಬದ ದಿನ ಹುಡುಕಿದರೆ ಸಿಗುವುದಿಲ್ಲ. ಅದಕ್ಕೇ ನಮ್ಮಲ್ಲಿ ಕೆಲಸಕ್ಕೆ ಸೇರುವ ಹುಡುಗರಿಗೆ, ಪ್ರತಿ ಭೇಟಿಯ ವರದಿಯಲ್ಲಿ ಆರ್ಡರಿನ ಕೆಳಗೆ ಇನ್ನೊಂದು ಸಾಲು ಬರೆಯಲು ಹೇಳುತ್ತೇನೆ: ಇವತ್ತು ಆ ಶಾಪ್‌ನಲ್ಲಿ ಯಾರು, ಯಾವ ತೊಂದರೆಯನ್ನು, ಹೇಗೆ ಬಿಡಿಸಿದರು. ಕಂಪನಿಗೆ ಐವತ್ತು ತುಂಬುವ ಹೊತ್ತಿಗೆ ಆ ಕೆಲಸ ಮಾಡಿದವರು ನಿವೃತ್ತರಾಗಿರುತ್ತಾರೆ, ಗದ್ದುಗೆಯಲ್ಲಿ ಕೂತ ಮಗನಿಗೋ ಮಗಳಿಗೋ ಅದು ಗೊತ್ತೇ ಇರುವುದಿಲ್ಲ. ಅದನ್ನು ತಿಳಿಸುವವರು ಸಪ್ಲೈಯರ್ ಆದ ನಾವಾದರೆ, ಎರಡನೇ ತಲೆಮಾರಿಗೂ ನಮ್ಮ ಪರಿಚಯ ಹೊಸದಾಗಿ ಮಾಡಿಕೊಡಬೇಕಾಗುವುದಿಲ್ಲ.