ಕೆಡವೋದೇನು, ಉಳಿಸೋದೇನು?

ಚನ್ನರಾಯಪಟ್ಟಣ ಅಂದ ತಕ್ಷಣ ಎಲ್ಲರೂ ಕೇಳೋದು, "ಹಾಸನದ ಹತ್ರಾನಾ?" ಅಂತ. ಅಲ್ಲ, ನಮ್ಮದು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ. 2022ರಿಂದ ರೈತರು ಭೂಸ್ವಾಧೀನದ ವಿರುದ್ಧ ಧರಣಿ ಕೂತಿದ್ದ ಊರು. 2025ರ ಜುಲೈನಲ್ಲಿ ಸರ್ಕಾರ ಆ 1,777 ಎಕರೆ ಸ್ವಾಧೀನ ಕೈಬಿಟ್ಟಿತು. ಅಲ್ಲೀವರೆಗೂ "ಊರೇ ಏನಾಗುತ್ತೋ, ಮನೆ ರಿಪೇರಿ ಯಾಕೆ" ಅಂತಿದ್ದ ನಮ್ಮಣ್ಣ, ಆಮೇಲೆ ಒಂದೇ ಹಠ ಹಿಡಿದ. ಹಳೇ ಮನೆ ಪೂರ್ತಿ ಕೆಡವಿ ಮೂರು ಮಹಡಿ ಎತ್ತೋಣ, ಏರ್‌ಪೋರ್ಟ್ ಕೆಲಸದವರು ಬಾಡಿಗೆಗೆ ಬರ್ತಾರೆ ಅಂತ. ಅಮ್ಮ ಮಾತ್ರ "ನಾನಿರೋ ತನಕ ಬೇಡ ಕಣಪ್ಪ" ಅಂದರು.

ಇದು ತಾತ ಕಟ್ಟಿಸಿದ ಮನೆ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಮದ್ರಾಸ್ ತಾರಸಿ. ಅಂದರೆ ಮರದ ತೊಲೆ, ಅದರ ಮೇಲೆ ಜಂತೆ, ಜಂತೆ ಮೇಲೆ ಸಣ್ಣ ಇಟ್ಟಿಗೆಗಳನ್ನು ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸಿ, ಮೇಲೆ ಇಟ್ಟಿಗೆ ಚೂರು, ಸುಣ್ಣ ಹಾಕಿ ಬಡಿದಿರೋದು. ಪರಿಚಯದ ಒಬ್ಬ ಹಿರಿಯ ಇಂಜಿನಿಯರ್ ಬಂದು ನೋಡಿ, "ಮೊದಲು ಮನೆಗೆ ಏನು ಕಾಯಿಲೆ ಅಂತ ತಿಳ್ಕೊಳ್ಳಿ, ಆಮೇಲೆ ಕೆಡವೋ ಮಾತು" ಅಂದರು.

ಅವರು ಮೊದಲು ನೋಡಿದ್ದು ಗೋಡೆಯ ಬಿರುಕು. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಗಳನ್ನು ಅಂಟಿಸಿ ತಾರೀಕು ಬರೆಸಿದರು. ಗೋಡೆ ಇನ್ನೂ ಅಲುಗಾಡ್ತಿದ್ರೆ ಗಾಜು ಒಡೆಯುತ್ತೆ, ಇಲ್ಲದಿದ್ರೆ ಅದು ಎಂದೋ ಬಿಟ್ಟ ಹಳೇ ಬಿರುಕು. ಮಳೆಗಾಲ ಪೂರ್ತಿ ಕಾದೆವು. ಹಾಲ್, ಪಡಸಾಲೆ ಎರಡೂ ಕಡೆ ಗಾಜು ಹಾಗೇ ಇತ್ತು. ಒಡೆದದ್ದು ಒಂದೇ, ಎಂಬತ್ತರ ದಶಕದಲ್ಲಿ ಹಿಂದುಗಡೆ ಸೇರಿಸಿದ ಬಚ್ಚಲುಮನೆ ಹಳೇ ಗೋಡೆಗೆ ಸೇರುವ ಜಾಗದಲ್ಲಿ. ಬಚ್ಚಲಿನ ಆರ್‌ಸಿಸಿ ತಾರಸಿಯಲ್ಲಿ ಕಂಬಿ ತುಕ್ಕು ಹಿಡಿದು ಉಬ್ಬಿ, ಕಾಂಕ್ರೀಟ್ ಹಲ್ಲೆ ಹಲ್ಲೆಯಾಗಿ ಉದುರುತ್ತಿತ್ತು. ನಾವು "ಹೊಸದು" ಅಂದುಕೊಂಡಿದ್ದೇ ಮೊದಲು ಕೆಡವಬೇಕಾದ್ದು ಅಂತ ಆಯ್ತು!

ಎರಡನೇದು ಗೋಡೆಯ ಬುಡ. ಯಾವಾಗಲೋ ಬಳಿದ ಸಿಮೆಂಟ್ ಗಿಲಾವನ್ನು ಬೆರಳ ಗಿಣ್ಣಿನಲ್ಲಿ ತಟ್ಟಿದರೆ ಟೊಳ್ಳು ಸದ್ದು. ಮಣ್ಣಿನ ಗೋಡೆ ನೆಲದಿಂದ ತೇವ ಎಳ್ಕೊಳ್ಳುತ್ತೆ, ಮೇಲ್ಮೈಯಿಂದ ಆರಿಹೋಗುತ್ತೆ. ಸಿಮೆಂಟ್ ಮೆತ್ತಿದರೆ ಆರೋಕೆ ದಾರಿ ಇಲ್ಲದೆ ಮಣ್ಣು ಒಳಗೇ ಮೆತ್ತಗಾಗುತ್ತೆ. ಹಾಗಾಗಿ ಗೋಡೆ ಉಳಿಯಿತು, ಗಿಲಾವು ಹೋಯಿತು. ಆ ಜಾಗಕ್ಕೆ ಸುಣ್ಣ-ಸುರ್ಕಿ ಗಾರೆ.

ಕಷ್ಟದ್ದು ಹಾಲಿನ ಮಾಡು. ಸೋರಿದಾಗೆಲ್ಲ ಮೇಲೊಂದು ಪದರ ಸಿಮೆಂಟ್ ಹಾಕಿಸಿ ಹಾಕಿಸಿ ಮೂರು ಇಂಚು ಆಗಿತ್ತು. ಇಂಜಿನಿಯರ್ ಅಲ್ಲೇ ಲೆಕ್ಕ ಹಾಕಿದರು: ಹತ್ತಡಿಗೆ ಹನ್ನೆರಡಡಿ, ಮೂರು ಇಂಚು ದಪ್ಪ ಅಂದರೆ 30 ಘನ ಅಡಿ. ಘನ ಅಡಿಗೆ ಹತ್ತಿರ ಹತ್ತಿರ 57 ಕಿಲೋ. ಒಟ್ಟು 1,700 ಕಿಲೋ! ತಾತನ ತೊಲೆಗಳು ಲೆಕ್ಕದಲ್ಲೇ ಇಲ್ಲದ ಈ ಭಾರ ಹೊತ್ತು ನಿಂತಿದ್ದವು.

ತೊಲೆಯ ನಡುಭಾಗಕ್ಕೆ ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಇಳಿಯಲೇ ಇಲ್ಲ. ಆದರೆ ಪಶ್ಚಿಮದ ಗೋಡೆಯೊಳಗೆ ಕೂತ ಎರಡು ತೊಲೆಗಳ ತುದಿಯಲ್ಲಿ ಎರಡಿಂಚು ಸಲೀಸಾಗಿ ಹೋಯಿತು. ಹೊರಗೆ ದೋಣಿ ನೀರು ಸುರಿಯೋದು ಸರಿಯಾಗಿ ಅಲ್ಲೇ. ಮರ ಸಾಮಾನ್ಯವಾಗಿ ಗೋಡೆಯೊಳಗೆ ಗಾಳಿಯಾಡದ ತುದಿಯಲ್ಲೇ ಮೊದಲು ಕೊಳೆಯೋದು, ಕೆಳಗಿನಿಂದ ನೋಡಿದರೆ ಏನೂ ಕಾಣೋದಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಕೆಲಸ ಶುರುವಾಯ್ತು. ಇಲ್ಲಿ ಕ್ರಮ ಮುಖ್ಯ. ಮೊದಲು ತೊಲೆಗಳಿಗೆ ಸರ್ವೆ ಮರದ ಆಸರೆ ಕೊಟ್ಟರು. ಆಮೇಲೆ ಸಿಮೆಂಟ್ ಪದರವನ್ನು ಉಳಿ-ಸುತ್ತಿಗೆಯಲ್ಲೇ ಬಿಡಿಸಿದರು. ಬ್ರೇಕರ್ ಮಷೀನ್ ಅದುರಿಗೆ ಕೆಳಗಿನ ಸುಣ್ಣದ ಹಿಡಿತ ಬಿಟ್ಟುಹೋಗುತ್ತೆ. ಕಿತ್ತ ಚೂರನ್ನು ಮೇಲೆ ರಾಶಿ ಹಾಕದೆ ಬಾಣಲೆ ಬಾಣಲೆಯಾಗಿ ಇಳಿಸಿದರು. ಭಾರ ಇಳಿದ ಮೇಲೆ ಕೊಳೆತ ತುದಿ ಕತ್ತರಿಸಿ, ತೊಲೆಯ ಎರಡೂ ಬದಿಗೆ ಕಬ್ಬಿಣದ ಚಾನಲ್ ಇಟ್ಟು, ಗಟ್ಟಿ ಮರದ ಮೇಲೆ ಮೂರಡಿ ಹಿಂದಕ್ಕೂ ಬೋಲ್ಟ್ ಹಾಕಿದರು. ಚಾನಲ್ ತುದಿ ನೇರ ಮಣ್ಣಿನ ಮೇಲೆ ಕೂತರೆ ಗೋಡೆ ಅಲ್ಲೇ ಜಜ್ಜಿಹೋಗುತ್ತೆ, ಅದಕ್ಕೆ ಕೆಳಗೊಂದು ಕಲ್ಲಿನ ಚಪ್ಪಡಿ. ತಾರಸಿಗೆ ಮತ್ತೆ ತೆಳುವಾಗಿ ಸುಣ್ಣ-ಸುರ್ಕಿ, ನೀರು ಹರಿಯೋ ಇಳಿಜಾರು. ದೋಣಿಯನ್ನು ಗೋಡೆಯಿಂದ ದೂರಕ್ಕೆ ತಿರುಗಿಸಿದ್ದಾಯ್ತು. ಅದನ್ನು ಮಾಡದಿದ್ದರೆ ಉಳಿದದ್ದೆಲ್ಲ ದಂಡ.

ಇನ್ನು ಅಣ್ಣನ ಮಹಡಿ? ಈ ಗೋಡೆ ಮೇಲೆ ಆಗಲ್ಲ ಅಂತ ಇಂಜಿನಿಯರ್ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದರು. ಪಕ್ಕದಲ್ಲೇ ಪಿಲ್ಲರ್ ಎಬ್ಬಿಸೋಣ ಅಂದರೆ, ನಮ್ಮ ಹಳೇ ಪಾಯ ಇರೋದೇ ಎರಡಡಿ ಆಳ. ಅದರ ಮಗ್ಗುಲಲ್ಲಿ ಐದಡಿ ಗುಂಡಿ ತೋಡಿದರೆ ಗೋಡೆ ಗುಂಡಿಗೇ ಜಾರುತ್ತೆ. ಕೊನೆಗೆ ಹಿತ್ತಿಲಲ್ಲಿ ಖಾಲಿ ಬಿದ್ದಿದ್ದ ದನದ ಕೊಟ್ಟಿಗೆ ಕೆಡವಿ, ಮನೆಯಿಂದ ಎಂಟಡಿ ಬಿಟ್ಟು ಬೇರೆ ಪಾಯ ಹಾಕಿ, ಬಾಡಿಗೆಗೆ ಎರಡು ಮನೆ ಕಟ್ಟೋದು ಅಂತ ತೀರ್ಮಾನವಾಯ್ತು. ಮೂರು ಮಹಡಿ ಕೇಳಿದವನಿಗೆ ಎರಡು ಮನೆ ಕಮ್ಮಿಯೇ. ಅಣ್ಣ ಇನ್ನೂ ಗೊಣಗುತ್ತಾನೆ, ಪಾಯದ ಲೈನ್‌ಗೆ ದಾರ ಹಿಡಿದವನು ಮಾತ್ರ ಅವನೇ.